ಅಂಗಡಿಯ ಸರಕನ್ನು ಮತ್ತೆ ತರಿಸುವುದೆಂದು?

ಹೈದರಾಬಾದು-ಸೊಲ್ಲಾಪುರ ಹೆದ್ದಾರಿಯ ಮೇಲಿರುವ ಮನ್ನಾಏಖೇಳ್ಳಿಯಲ್ಲಿ ಒಂದು ಕಿರಾಣಿ ಅಂಗಡಿಯಿದೆಯೆಂದು ಭಾವಿಸೋಣ. ಯಜಮಾನರು ಸಾಬೂನನ್ನು ಹೈದರಾಬಾದಿನ ಸಗಟು ವ್ಯಾಪಾರಿಯಿಂದ ತರಿಸುತ್ತಾರೆ. ದಿನಕ್ಕೆ ಸರಾಸರಿ 12 ಸಾಬೂನು ಮಾರಾಟವಾಗುತ್ತದೆ. ಹೇಳಿಕಳುಹಿಸಿದ ಸರಕು ಸಾಮಾನ್ಯವಾಗಿ 4 ದಿನಗಳಲ್ಲಿ ಕೈಸೇರುತ್ತದೆ. ಆ ನಾಲ್ಕು ದಿನಗಳಲ್ಲಿ 48 ಸಾಬೂನು ಖರ್ಚಾಗುವುದಷ್ಟೆ. ಹಾಗಾದರೆ 48 ಉಳಿದಾಗ ಹೇಳಿಕಳುಹಿಸಿದರೆ ಸಾಲದೆ?

ಸಾಲದು. ಸರಾಸರಿಯೆಂಬುದು ಕೆಲವು ಸಲ ಮೀರುವ, ಕೆಲವು ಸಲ ತಗ್ಗುವ ಅಂಕಿ. 48ನ್ನೇ ನಂಬಿದ ಯಜಮಾನರು ಹೆಚ್ಚುಕಡಮೆ ಎರಡು ಸಲಕ್ಕೊಂದು ಸಲ ಗಿರಾಕಿಯನ್ನು ಬರಿಗೈಯಲ್ಲಿ ಕಳುಹಿಸಬೇಕಾದೀತು. ಆದುದರಿಂದ ಅದರ ಮೇಲೆ ಒಂದಿಷ್ಟು ಮೀಸಲು ದಾಸ್ತಾನು ಬೇಕು. ಅದೆಷ್ಟೆಂಬುದನ್ನು ಊಹೆಯಿಂದಲ್ಲ, ಲೆಕ್ಕದ ಪುಸ್ತಕದಿಂದಲೇ ತಿಳಿಯಬಹುದು.

ಹೇಳಿಕಳುಹಿಸಿದ ದಿನ, ಸರಕು ಬಂದ ದಿನ, ನಡುವೆ ಮಾರಿದ ಸಾಬೂನುಗಳ ಸಂಖ್ಯೆ, ಈ ಮೂರನ್ನು ಯಜಮಾನರು ಇಪ್ಪತ್ತು ಸಲ ಬರೆದಿಟ್ಟಿದ್ದಾರೆನ್ನೋಣ. ಹದಿನೆಂಟು ಸಲ ಸರಕು ಹೊತ್ತಿಗೆ ಬಂದಿತು. ಆಗ ಮಾರಾಟ 58ನ್ನು ಮೀರಲಿಲ್ಲ. ಒಂದು ಸಲ ಆರು ದಿನ ಹಿಡಿದು 70 ಮಾರಿಹೋದುವು. ಮತ್ತೊಂದು ಸಲ ಏಳು ದಿನ ಹಿಡಿದು 84 ಹೋದುವು. 70 ಉಳಿದಾಗಲೇ ಹೇಳಿಕಳುಹಿಸಿದ್ದರೆ ಇಪ್ಪತ್ತರಲ್ಲಿ ಒಂದೇ ಸಲ ಕೊರತೆಯಾಗುತ್ತಿತ್ತು. ಈ 70ನ್ನೇ ಮರುಖರೀದಿಯ ಮಟ್ಟವೆನ್ನುವುದು: 48 ಸಾಮಾನ್ಯ ಮಾರಾಟಕ್ಕೆ, 22 ಮೀಸಲಿಗೆ. ಆ ಒಂದು ಕೊರತೆಯೂ ಕೂಡದೆಂದರೆ ಮೀಸಲು 36ಕ್ಕೆ ಏರಬೇಕು. ಅಷ್ಟು ಹಣ ಕಪಾಟಿನಲ್ಲಿ ಕಟ್ಟಿಬಿದ್ದಿರುತ್ತದೆ. ಸಾಬೂನಿಗೆ ಅದು ಸಹ್ಯ, ಬೇಗ ಕೆಡುವ ಪದಾರ್ಥಕ್ಕೆ ಅಲ್ಲ. ಇಪ್ಪತ್ತು ಸಲದ ಲೆಕ್ಕ ಚಿಕ್ಕದೇ. ಬರೆಯುತ್ತ ಹೋದಂತೆ ಮಟ್ಟವನ್ನೂ ತಿದ್ದುತ್ತಿರಬೇಕು.

ಆ 22ನ್ನು ಬಿಡಿಸಿ ನೋಡಿದರೆ ಸ್ವಾರಸ್ಯವಿದೆ. ಗಿರಾಕಿಗಳ ಏರಿಳಿತಕ್ಕೆ ಬೇಕಾದುದು 10 ಮಾತ್ರ. ಉಳಿದ 12 ಸರಕು ತಡವಾಗುವುದರ ದಂಡ. ಅಂಗಡಿಕಾರರು ಗಿರಾಕಿಯ ಚಂಚಲತೆಯನ್ನು ದೂರುವುದುಂಟು. ಇಲ್ಲಿ ಹೆಚ್ಚು ಚಂಚಲವಾದುದು ಲಾರಿ. ಒಂದೆರಡು ಕಾಸು ಹೆಚ್ಚು ಕೇಳಿದರೂ ತಪ್ಪದೆ ನಾಲ್ಕನೆಯ ದಿನ ತಲಪಿಸುವ ವ್ಯಾಪಾರಿ ದೊರೆತರೆ 58ರ ಮಟ್ಟವೇ ಸಾಕಾದೀತು.

ಎರಡು ತಪ್ಪುಗಳು ಸುಲಭವಾಗಿ ನುಸುಳುತ್ತವೆ. ಸಾಬೂನು ಮುಗಿದ ದಿನ ಪುಸ್ತಕದಲ್ಲಿ ಮಾರಾಟ ಸೊನ್ನೆಯೆಂದಿರುತ್ತದೆ, ಬೇಡಿಕೆ ಸೊನ್ನೆಯಾಗಿರಲಿಲ್ಲ. ಅಂಥ ದಿನಗಳನ್ನು ಸೇರಿಸಿದರೆ ಸರಾಸರಿ ಕುಗ್ಗಿ, ಮಟ್ಟವೂ ಕುಗ್ಗಿ, ಮುಂದಿನ ಕೊರತೆ ಬೇಗನೆ ಬರುತ್ತದೆ. ಆ ದಿನ ಕೇಳಿಹೋದವರನ್ನು ಗೀಟು ಹಾಕಿ ಎಣಿಸುವುದು ಲೇಸು. ಇನ್ನೊಂದು, ದಾರಿಯಲ್ಲಿರುವ ಸರಕನ್ನು ಮರೆತು ಎರಡನೆಯ ಸಲ ಹೇಳಿಕಳುಹಿಸುವುದು. ಕಪಾಟಿನದನ್ನೂ ದಾರಿಯದನ್ನೂ ಕೂಡಿಸಿಯೇ 70ರೊಡನೆ ಹೋಲಿಸಬೇಕು.

ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯ ಸಮಯದಲ್ಲಿ ಮಾರಾಟ ದಿನಕ್ಕೆ 24ಕ್ಕೆ ಏರಿತೆಂದರೆ, ನಾಲ್ಕು ದಿನಕ್ಕೇ 96 ಬೇಕು. 70ರ ಮಟ್ಟ ಆಗ ನಿಷ್ಪ್ರಯೋಜಕ. ಜಾತ್ರೆಯ ಸರಕು ಜಾತ್ರೆಗೆ ಮುಂಚೆಯೇ ಬಂದಿರಬೇಕಾದುದರಿಂದ, ಹೊಸ ಮಟ್ಟವನ್ನು ತೇರಿನ ದಿನ ಗೊತ್ತುಮಾಡಿ ಫಲವಿಲ್ಲ. ಲಾರಿ ಏಳು ದಿನ ತಡೆಯುವುದೂ ಉಂಟೆಂದು ಪುಸ್ತಕವೇ ಹೇಳುತ್ತಿರುವಾಗ, ಅದನ್ನು ಒಂದು ವಾರಕ್ಕೆ ಮೊದಲೇ ಏರಿಸಿಡಬೇಕು.