ಬಿಸಿನೆಸ್ ಪ್ಲಾನ್ ಪ್ರಾಜೆಕ್ಟ್: ಪರೀಕ್ಷಕರು ಅಂಕ ಕೊಡುವುದು ಯಾವುದಕ್ಕೆ?

ಸಿಬಿಎಸ್‌ಇ 12ನೇ ತರಗತಿಯ ಉದ್ಯಮಶೀಲತೆ ವಿಷಯದಲ್ಲಿ ಪ್ರಾಜೆಕ್ಟ್‌ಗೆ 30 ಅಂಕಗಳಿವೆ. ಬಿಸಿನೆಸ್ ಪ್ಲಾನ್ ವರದಿ ಕೈಗೆ ಬಂದಾಗ ಅನುಭವಿ ಪರೀಕ್ಷಕರು ನೋಡುವುದು ಬಣ್ಣದ ಮುಖಪುಟವನ್ನಲ್ಲ. ಸಮೀಕ್ಷೆಯ ಅಂಕಿಗೂ ಹಣಕಾಸಿನ ಲೆಕ್ಕಕ್ಕೂ ತಾಳೆಯಾಗುತ್ತದೆಯೇ ಎಂಬುದನ್ನು.

ಒಂದು ಉದಾಹರಣೆ ನೋಡಿ. ಪುಣೆಯ ವಿದ್ಯಾರ್ಥಿನಿಯೊಬ್ಬಳು ದೋಸೆ ಹಿಟ್ಟು ಮಾರುವ ಯೋಜನೆ ಬರೆದಿದ್ದಾಳೆ ಎಂದುಕೊಳ್ಳಿ. ಪ್ಯಾಕೆಟ್ ಬೆಲೆ 60 ರೂ., ಸಾಮಗ್ರಿ ಖರ್ಚು 35 ರೂ., ಉಳಿಯುವುದು 25 ರೂ. ಅಂಗಡಿ ಬಾಡಿಗೆ 15,000, ಸಹಾಯಕರ ಸಂಬಳ 7,000, ವಿದ್ಯುತ್ 3,000 ಸೇರಿ ತಿಂಗಳಿಗೆ 25,000 ರೂ. ಖರ್ಚು. ಅಂದರೆ ನಷ್ಟವಾಗದಿರಲು 1,000 ಪ್ಯಾಕೆಟ್ ಮಾರಾಟವಾಗಬೇಕು.

ಆದರೆ ಅವಳು ಮಾತನಾಡಿಸಿದ 40 ಮನೆಗಳಲ್ಲಿ ವಾರಕ್ಕೊಂದು ಪ್ಯಾಕೆಟ್ ಕೊಳ್ಳುತ್ತೇವೆ ಎಂದವರು 10 ಮಂದಿ. 400 ಮನೆಗಳ ವಸತಿ ಸಮುಚ್ಚಯಕ್ಕೆ ಇದೇ ಲೆಕ್ಕ ಹಿಡಿದರೆ ತಿಂಗಳಿಗೆ ಸುಮಾರು 400 ಪ್ಯಾಕೆಟ್ ಮಾತ್ರ. ಹೀಗಿದ್ದೂ ವರದಿಯಲ್ಲಿ 1,500 ಎಂದು ಬರೆದರೆ ಅಂಕ ಕಳೆಯುವುದು ಇಲ್ಲೇ. ಮೌಖಿಕ ಪರೀಕ್ಷೆಯಲ್ಲೂ ‘ಈ ಸಂಖ್ಯೆ ಎಲ್ಲಿಂದ ಬಂತು?’ ಎಂಬ ಪ್ರಶ್ನೆ ಎದುರಾಗುತ್ತದೆ.

ಅದರ ಬದಲು ಕೊರತೆಯನ್ನು ಒಪ್ಪಿಕೊಂಡು, ಮನೆಯಲ್ಲೇ ಹಿಟ್ಟು ರುಬ್ಬಿ ಬಾಡಿಗೆ ಉಳಿಸುವ ದಾರಿ ತೋರಿಸಿದರೆ ಖರ್ಚು 10,000 ರೂ.ಗೆ ಇಳಿಯುತ್ತದೆ. ಆಗ 400 ಪ್ಯಾಕೆಟ್‌ಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಲಾಭ ಕಾಣದಿದ್ದರೂ ಹೆಚ್ಚು ಅಂಕ ಸಿಗುವುದು ಈ ವರದಿಗೇ.