ದಾವಣಗೆರೆಯ ಮೂರು ಲಕ್ಷ ಜನ ಎಲ್ಲಿ ಹೋದರು?

ದಾವಣಗೆರೆ ಜಿಲ್ಲೆಯ ಜನಸಂಖ್ಯೆ ಎಷ್ಟು ಎಂದು ಹುಡುಕಿದರೆ ಒಂದು ಕಡೆ 19,45,497 ಎಂದಿರುತ್ತದೆ, ಇನ್ನೊಂದು ಕಡೆ 16,43,494. ಎರಡರ ಕೆಳಗೂ ‘2011ರ ಜನಗಣತಿಯಂತೆ’ ಎಂಬ ಒಂದೇ ಸಾಲು. ನಡುವಿನ ಅಂತರ ಮೂರು ಲಕ್ಷಕ್ಕೂ ಮಿಕ್ಕಿದ್ದು. ಇಂಥದ್ದು ಕಣ್ಣಿಗೆ ಬಿದ್ದಾಗ ವರದಿಗಾರ ಸಾಂಖ್ಯಿಕ ಇಲಾಖೆಗೆ ಪತ್ರ ಬರೆಯುವುದು ಸಹಜ. ಆದರೆ ಆ ಪತ್ರದಲ್ಲಿ ‘ಎರಡರಲ್ಲಿ ಯಾವುದು ಸರಿ?’ ಎಂದಷ್ಟೇ ಕೇಳಿದರೆ, ‘2011ರ ಜನಗಣತಿಯ ಅಂಕಿಅಂಶಗಳನ್ನು ಪರಿಶೀಲಿಸುವುದು’ ಎಂಬ ಒಂದು ಸಾಲಿನ ಉತ್ತರ ಬಂದರೂ ಅಚ್ಚರಿಯಿಲ್ಲ. ಎರಡೂ ಅಲ್ಲಿಂದಲೇ ಬಂದವಲ್ಲ!

ಪತ್ರ ಬರೆಯುವ ಮುನ್ನ ಒಂದು ಕಳೆಯುವ ಲೆಕ್ಕ ಮಾಡಬೇಕು. ದೊಡ್ಡದರಲ್ಲಿ ಚಿಕ್ಕದನ್ನು ಕಳೆದರೆ 3,02,003 ಉಳಿಯುತ್ತದೆ. ಬೆರಳಚ್ಚಿನ ತಪ್ಪಾಗಿದ್ದರೆ ಅಂಕಿಗಳು ಅದಲುಬದಲಾಗಿರುತ್ತಿದ್ದವು, ಇಲ್ಲವೇ ಒಂದು ಸೊನ್ನೆ ಹೆಚ್ಚುಕಡಿಮೆಯಾಗಿರುತ್ತಿತ್ತು. ಇದು ಹಾಗಿಲ್ಲ, ಒಂದು ಇಡೀ ತಾಲ್ಲೂಕಿನ ಗಾತ್ರದ ಸಂಖ್ಯೆ. ಆ ತಾಲ್ಲೂಕು ಹರಪನಹಳ್ಳಿ.

1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಹರಪನಹಳ್ಳಿಯನ್ನು ಬಳ್ಳಾರಿಯಿಂದ ಬಿಡಿಸಿ ಇಲ್ಲಿಗೆ ಸೇರಿಸಿದ್ದರು. 371ಜೆ ಸೌಲಭ್ಯ ತಪ್ಪಿಹೋಗುತ್ತಿದೆ ಎಂದು ಅಲ್ಲಿನ ಜನ ಹೋರಾಡಿದ ಮೇಲೆ 2018ರಲ್ಲಿ ಅದನ್ನು ಮರಳಿ ಬಳ್ಳಾರಿಗೆ ಕೊಡಲು ಸರ್ಕಾರ ತೀರ್ಮಾನಿಸಿತು. 2021ರಲ್ಲಿ ಬಳ್ಳಾರಿಯೇ ಒಡೆದು ವಿಜಯನಗರ ಜಿಲ್ಲೆಯಾಯಿತು, ಹರಪನಹಳ್ಳಿ ಈಗ ಅಲ್ಲಿದೆ. 2011ರಲ್ಲಿ ಎಣಿಸಿದ ಜನ ಅವರೇ, ಗಡಿ ಮಾತ್ರ ಸರಿದಿದೆ. ದೊಡ್ಡ ಸಂಖ್ಯೆ ಎಣಿಕೆಯ ದಿನದ ಜಿಲ್ಲೆಯದು, ಚಿಕ್ಕದು ಇಂದಿನ ಜಿಲ್ಲೆಯದು.

ಇದು ಊಹೆಯಲ್ಲ ಎಂದು ಆಚೆ ಬದಿಯಿಂದಲೂ ತಾಳೆ ನೋಡಬಹುದು. 2011ರಲ್ಲಿ ಅಖಂಡ ಬಳ್ಳಾರಿಯ ಜನ 24,52,595. ಈಗಿನ ಬಳ್ಳಾರಿಗೆ 14,00,970, ವಿಜಯನಗರಕ್ಕೆ 13,53,628 ಎಂದು ಅದೇ ಜನಗಣತಿಯ ಲೆಕ್ಕ ಹಂಚಲಾಗಿದೆ. ಎರಡನ್ನೂ ಕೂಡಿಸಿದರೆ 27,54,598. ಹಳೆಯ ಬಳ್ಳಾರಿಗಿಂತ ಎಷ್ಟು ಹೆಚ್ಚು? ಸರಿಯಾಗಿ 3,02,003. ದಾವಣಗೆರೆಯಲ್ಲಿ ಕಾಣೆಯಾದವರು ಒಬ್ಬರೂ ತಪ್ಪದೆ ಇಲ್ಲಿ ಸಿಕ್ಕರು.

ಇಷ್ಟು ತಿಳಿದ ಮೇಲೆ ಪತ್ರದ ಒಕ್ಕಣೆಯೇ ಬದಲಾಗುತ್ತದೆ:

‘ಮಾನ್ಯರೇ, ದಾವಣಗೆರೆ ಜಿಲ್ಲೆಯ 2011ರ ಜನಸಂಖ್ಯೆ ಲಗತ್ತಿಸಿರುವ ಎರಡು ಪ್ರಕಟಣೆಗಳಲ್ಲಿ 19,45,497 ಮತ್ತು 16,43,494 ಎಂದಿದೆ. ವ್ಯತ್ಯಾಸವು ಹರಪನಹಳ್ಳಿ ತಾಲ್ಲೂಕಿನದೆಂದು ನಮ್ಮ ಲೆಕ್ಕಕ್ಕೆ ಕಂಡುಬಂದಿದೆ. ಇದು ಸರಿಯೇ? ಎರಡನೆಯ ಸಂಖ್ಯೆಗೆ ಯಾವ ದಿನಾಂಕದ ಗಡಿಯನ್ನು, ಯಾವ ಸರ್ಕಾರಿ ಅಧಿಸೂಚನೆಯಂತೆ ತೆಗೆದುಕೊಳ್ಳಲಾಗಿದೆ? ತಾಲ್ಲೂಕುವಾರು ಪಟ್ಟಿಯ ಪ್ರತಿಯನ್ನು ಒದಗಿಸಬೇಕೆಂದು ಕೋರುತ್ತೇನೆ.’

ಇಲ್ಲಿ ‘ಏಕೆ’ ಎಂಬ ಪದವೇ ಇಲ್ಲ, ಗಮನಿಸಿ. ಮಾಹಿತಿ ಹಕ್ಕಿನಡಿ ಅರ್ಜಿ ಹಾಕುವುದಾದರೆ ಇದು ಇನ್ನೂ ಮುಖ್ಯ. ಆ ಕಾನೂನಿನಡಿ ಸಿಗುವುದು ಕಚೇರಿಯಲ್ಲಿರುವ ದಾಖಲೆ ಮಾತ್ರ. ಹೊಸದಾಗಿ ವಿವರಣೆ ಬರೆದುಕೊಡುವ ಹೊಣೆ ಅಧಿಕಾರಿಗಿಲ್ಲ. ಅಧಿಸೂಚನೆ, ಪಟ್ಟಿ ಎಂದು ಕೇಳಿದರೆ ನುಣುಚಿಕೊಳ್ಳಲು ದಾರಿ ಕಡಿಮೆ.

ಈ ಸಂಖ್ಯೆಗಳಿಗೆ ಇಷ್ಟೇಕೆ ತಲೆಕೆಡಿಸಿಕೊಳ್ಳಬೇಕು? 2001ರಲ್ಲಿ ದಾವಣಗೆರೆಯ ಜನಸಂಖ್ಯೆ 17,90,952 ಇತ್ತು. ಅವಸರದ ವರದಿಗಾರ ಅದರ ಪಕ್ಕದಲ್ಲಿ 16,43,494 ಇಟ್ಟರೆ ‘ಹತ್ತು ವರ್ಷದಲ್ಲಿ ಒಂದೂವರೆ ಲಕ್ಷ ಜನ ಕಡಿಮೆ’ ಎಂಬ ತಲೆಬರಹ ಸಿದ್ಧ. ಗುಳೆ ಹೋದರು, ಬರ ಬಂತು ಎಂದು ಕಾರಣಗಳೂ ಹಿಂದೆಯೇ ಬರುತ್ತವೆ. ನಿಜವಾಗಿ, ಒಂದೇ ಗಡಿಯೊಳಗೆ ಹೋಲಿಸಿದರೆ ಜನಸಂಖ್ಯೆ ಶೇ 8.6ರಷ್ಟು ಹೆಚ್ಚಿತ್ತು. ತಲಾ ಲೆಕ್ಕದಲ್ಲೂ ಇದೇ ಅಪಾಯ: ಈಗಿನ ಜಿಲ್ಲೆಯ ಆಸ್ಪತ್ರೆ ಹಾಸಿಗೆಗಳನ್ನು ಹಳೆಯ ಜನಸಂಖ್ಯೆಗೆ ಭಾಗಿಸಿದರೆ ಸೌಲಭ್ಯ ಇರುವುದಕ್ಕಿಂತ ಕಡಿಮೆ ಎಂದು ತೋರುತ್ತದೆ.

ಎಲ್ಲ ವ್ಯತ್ಯಾಸವೂ ಗಡಿಯದಲ್ಲ. ಬೆಂಗಳೂರು ನಗರ ಜಿಲ್ಲೆಗೆ 95,88,910 ಮತ್ತು 96,21,551 ಎಂಬ ಎರಡು ಸಂಖ್ಯೆಗಳಿವೆ. ಮೊದಲನೆಯದು 2011ರಲ್ಲೇ ಬಂದ ತಾತ್ಕಾಲಿಕ ಲೆಕ್ಕ: ಗಣತಿದಾರರು ತಮ್ಮ ಭಾಗದ ಮೊತ್ತ ಬರೆದುಕೊಟ್ಟರು, ಮೇಲಿನವರು ಅದನ್ನು ಕೂಡಿಸಿದರು. ಎರಡನೆಯದು ಭರ್ತಿಯಾದ ನಮೂನೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಸಂಸ್ಕರಿಸಿದ ಬಳಿಕದ ಅಂತಿಮ ಲೆಕ್ಕ. ಬೆಂಗಳೂರಿನಲ್ಲಿ ಹೀಗೆ 32 ಸಾವಿರ ಏರಿದರೆ, ಇಡೀ ರಾಜ್ಯದ ಮೊತ್ತ 6,11,30,704ರಿಂದ 6,10,95,297ಕ್ಕೆ ಇಳಿಯಿತು. ಇಂಥಲ್ಲಿ ಪತ್ರ ಬರೆಯುವ ಮೊದಲು ಪ್ರಕಟಣೆಯ ದಿನಾಂಕ ನೋಡಿದರೆ ಸಾಕು, ಅಂಚೆ ಖರ್ಚು ಉಳಿಯುತ್ತದೆ.

ಮುಂದಿನ ಜನಗಣತಿಯ ಎಣಿಕೆ 2027ಕ್ಕೆ. ಆಗ ದಾವಣಗೆರೆಯನ್ನು ಹರಪನಹಳ್ಳಿಯಿಲ್ಲದೆ ಎಣಿಸುತ್ತಾರೆ. ಹೊಸ ಸಂಖ್ಯೆ ಬಂದ ದಿನ ಅದರ ಪಕ್ಕದಲ್ಲಿ ಇಡಬೇಕಾದದ್ದು 16,43,494.