ಒಣದ್ರಾಕ್ಷಿಯ ಶೀತಗೃಹದಲ್ಲಿ ಎಷ್ಟು ಪೆಟ್ಟಿಗೆಗಳು ಹಿಡಿಯುವುವು?

ವಿಜಯಪುರ ಜಿಲ್ಲೆಯ ತಿಕೋಟಾ ಮತ್ತು ಬಬಲೇಶ್ವರ ಭಾಗಗಳಲ್ಲಿ ದ್ರಾಕ್ಷಿಯನ್ನು ಒಣಗಿಸುವ ಕೆಲಸವು ಬೇಸಗೆಯ ಕೆಲವೇ ವಾರಗಳಲ್ಲಿ ಮುಗಿಯುವುದರಿಂದ, ಮಾಲು ಒಮ್ಮೆಗೇ ಶೀತಗೃಹದ ಬಾಗಿಲಿಗೆ ಬರುತ್ತದೆ. ಕೋಣೆಯ ಉದ್ದ, ಅಗಲ, ಎತ್ತರಗಳನ್ನು ಗುಣಿಸಿ, ಬಂದ ಲೆಕ್ಕದ ಮೇಲೆ ಸ್ಥಳವನ್ನು ಒಪ್ಪಿಕೊಂಡವರು ಆ ಹೊತ್ತಿನಲ್ಲಿ ಪೆಟ್ಟಿಗೆಗಳನ್ನು ಹಾದಿಯಲ್ಲಿಯೂ ತುಂಬಬೇಕಾಗುವುದು. ಇದರಿಂದಾಗುವ ನಷ್ಟವು ಮಾಲಿನ ಒಡೆಯನದು.

ಒಂದು ಉದಾಹರಣೆಯನ್ನು ನೋಡೋಣ. ಕೋಣೆಯು 40 ಅಡಿ ಉದ್ದ, 30 ಅಡಿ ಅಗಲ, 16 ಅಡಿ ಎತ್ತರವಿರಲಿ. ಈ ಅಳತೆಯನ್ನು ಶಾಖ ತಡೆಯುವ ಹೊದಿಕೆಯ ಒಳಮೈಯಿಂದಲೇ ಹಿಡಿಯತಕ್ಕದ್ದು. 15 ಕಿಲೋ ತೂಕದ ರಟ್ಟಿನ ಪೆಟ್ಟಿಗೆಯ ಹೊರ ಅಳತೆಯು 15, 12, 8 ಅಂಗುಲವಿರಲಿ. ಕೋಣೆಯ 19,200 ಘನ ಅಡಿಯನ್ನು ಪೆಟ್ಟಿಗೆಯ ಗಾತ್ರದಿಂದ ಭಾಗಿಸಿದರೆ 23,040 ಪೆಟ್ಟಿಗೆಗಳು, ಅಂದರೆ ಸುಮಾರು 345 ಟನ್ನು ಬರುತ್ತದೆ. ಇದು ಕಾಗದದ ಲೆಕ್ಕವೇ ಹೊರತು ಕೋಣೆಯ ಲೆಕ್ಕವಲ್ಲ.

ತಣ್ಣನೆಯ ಗಾಳಿ ಇಳಿಯುವಂತೆ ನಾಲ್ಕು ಗೋಡೆಗಳ ಬಳಿಯೂ ಒಂದೊಂದು ಅಡಿ ಬಿಡಬೇಕು. ಬಾಗಿಲಿನಿಂದ ಉದ್ದಕ್ಕೆ 4 ಅಡಿಯ ಹಾದಿಯೂ, ನಡುವೆ ಅಡ್ಡಲಾಗಿ 3 ಅಡಿಯ ಹಾದಿಯೂ ಬೇಕು. ಇಲ್ಲದಿದ್ದರೆ ವ್ಯಾಪಾರಿಗೆ ಮಾದರಿ ತೋರಿಸುವುದಕ್ಕೂ ಅಟ್ಟಿ ಒಡೆಯಬೇಕಾದೀತು. ಆಗ ಉಳಿಯುವುದು ತಲಾ 17½ ಅಡಿ ಉದ್ದ, 12 ಅಡಿ ಅಗಲದ ನಾಲ್ಕು ಅಟ್ಟಿಗಳ ಸ್ಥಳ. ಉದ್ದಕ್ಕೆ 14 ಪೆಟ್ಟಿಗೆಗಳನ್ನೂ, ಅಗಲಕ್ಕೆ 11 ಪೆಟ್ಟಿಗೆಗಳನ್ನೂ ಇಟ್ಟು, ಅಗಲದಲ್ಲಿ ಮಿಕ್ಕ ಒಂದು ಅಡಿಯನ್ನು ಸಾಲುಗಳ ನಡುವೆ ಸಂದುಗಳಾಗಿ ಹಂಚಬೇಕು. ಹೀಗೆ ಒಂದು ಪದರಕ್ಕೆ ನಾಲ್ಕು ಅಟ್ಟಿಗಳಲ್ಲಿ 616 ಪೆಟ್ಟಿಗೆಗಳಾದುವು.

ಎತ್ತರದಲ್ಲಿ ಛಾವಣಿಯ ಕೆಳಗೆ ಗಾಳಿಯ ಓಟಕ್ಕೆ 3 ಅಡಿ, ನೆಲದ ಮರದ ಚೌಕಟ್ಟಿಗೆ ಅರ್ಧ ಅಡಿ, ನಡು ಅಟ್ಟಣೆಗೆ ಅರ್ಧ ಅಡಿ ಕಳೆದರೆ, ಆರಾರು ಅಡಿಯ ಎರಡು ಅಂತಸ್ತುಗಳು ದೊರೆಯುವುವು. ಒಂದೊಂದರಲ್ಲಿ ಒಂಬತ್ತು ಪದರಗಳು ಸರಿಯಾಗಿ ಕೂರುವುವಾದರೂ, ಗಾಳಿಗೂ ಕೈಗೂ ಎಡೆಯಿರುವುದಿಲ್ಲ, ಎಂಟೇ ಸಾಕು. ಆಗ ಅಡಿಯ ಪೆಟ್ಟಿಗೆಯ ಮೇಲೆ 105 ಕಿಲೋ ಭಾರ ಬೀಳುವುದು. ಅಟ್ಟಣೆಯಿಲ್ಲದೆ ಹದಿನಾರು ಪದರಗಳನ್ನು ಒಟ್ಟಿದರೆ ಭಾರವು 225 ಕಿಲೋ ಆಗಿ, ತೇವದಿಂದ ಮೆದುವಾದ ರಟ್ಟು ಕುಸಿಯುವುದು.

ಒಟ್ಟು 16 ಪದರಗಳಿಗೆ 9,856 ಪೆಟ್ಟಿಗೆಗಳು, ಸುಮಾರು 148 ಟನ್ನು. ಇದು ಮೊದಲಿನ ಲೆಕ್ಕದಲ್ಲಿ ನೂರಕ್ಕೆ 43 ಪಾಲು ಮಾತ್ರ. ಟನ್ನಿಗೆ 3.4 ಘನ ಮೀಟರು, ಎಂದರೆ ಸುಮಾರು 120 ಘನ ಅಡಿ ಎಂಬ ರಾಷ್ಟ್ರೀಯ ತೋಟಗಾರಿಕಾ ಮಂಡಳಿಯ ಅಳತೆಯಿಂದಲೂ ಇದೇ ಕೋಣೆಗೆ 160 ಟನ್ನಷ್ಟೇ ಬರುವುದು. ಪೆಟ್ಟಿಗೆಯ ಅಳತೆ ಬೇರೆಯಾದರೆ ಪದರದ ಲೆಕ್ಕವನ್ನು ಹೊಸದಾಗಿ ಮಾಡತಕ್ಕದ್ದು.

ಕೋಣೆಯು ಮಿತಿಮೀರಿ ತುಂಬಿದೆಯೆಂಬುದನ್ನು ತಿಳಿಯಲು ಅಟ್ಟಿಯ ನಡುವೆ ಉಷ್ಣಮಾಪಕವನ್ನಿಟ್ಟು ನೋಡಬೇಕು. ಮಾಲು ಇಟ್ಟು ಹಲವು ದಿನಗಳಾದರೂ ಅಲ್ಲಿಯ ಶಾಖವು ಹಾದಿಯಲ್ಲಿರುವುದಕ್ಕಿಂತ ಹೆಚ್ಚಾಗಿಯೇ ಉಳಿದರೆ, ಗಾಳಿಯು ಒಳಗೆ ಹೋಗುತ್ತಿಲ್ಲ. ಅಂತಹ ಕಡೆಯಲ್ಲಿ ಹಸಿರು ಒಣದ್ರಾಕ್ಷಿಯು ಕಂದು ಬಣ್ಣಕ್ಕೆ ತಿರುಗಿ, ಧಾರಣೆಯು ಇಳಿಯುವುದು. ಆದುದರಿಂದ ಸ್ಥಳವನ್ನು ಗೊತ್ತುಮಾಡುವ ಮುನ್ನ ಟನ್ನನ್ನು ಕೇಳದೆ, ಪದರಕ್ಕೆ ಎಷ್ಟು ಪೆಟ್ಟಿಗೆ, ಎಷ್ಟು ಪದರ ಎಂಬುದನ್ನು ಕೇಳತಕ್ಕದ್ದು.